ಕನ್ನಡಕ್ಕೆ ತಂದ ನೌಕರರ ಕೈಪಿಡಿ ಮತ್ತು ಹಿಮ್ಮುಖ ಅನುವಾದ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳನ್ನು ಒಂದು ಬಗೆಯ ಕೈಪಿಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮೊದಲು ಇಂಗ್ಲಿಷಿನಲ್ಲಿ ತಯಾರಾಗಿ, ಆಮೇಲೆ ಕನ್ನಡಕ್ಕೆ ಬಂದು, ಬೆಂಗಳೂರು, ರಾಮನಗರ, ದೊಡ್ಡಬಳ್ಳಾಪುರದ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಟೈಲರ್, ಹೆಲ್ಪರ್, ಚೆಕರ್‌ಗಳ ಕೈ ಸೇರುವ ಪುಸ್ತಕ ಅದು. ಉದಾಹರಣೆಯ ಕಲಂಗಳನ್ನು ವಿವರಣೆಗೆಂದೇ ಬರೆದದ್ದು. ಅವು ಯಾವುದೇ ಒಂದು ಕಂಪನಿಯವಲ್ಲ.

ಹಿಮ್ಮುಖ ಅನುವಾದ ಅಂದರೆ ಏನು?

ಆಫೀಸುಗಳಲ್ಲಿ ಇದಕ್ಕೆ ಬ್ಯಾಕ್ ಟ್ರಾನ್ಸ್‌ಲೇಶನ್ ಅಂತಲೇ ಹೆಸರು. ಒಬ್ಬರು ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಾರೆ. ಮೂಲವನ್ನು ನೋಡಿರದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತರುತ್ತಾರೆ. ಈಗ ಎರಡು ಇಂಗ್ಲಿಷ್ ಪಠ್ಯಗಳು ಕೈಯಲ್ಲಿವೆ. ಅವನ್ನು ಪಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ಅರ್ಥ ಬೇರೆಯಾಗಿದೆ ಎಂದು ನೋಡುತ್ತಾರೆ. ಕನ್ನಡ ಬಾರದ ಎಚ್‌ಆರ್ ಮುಖ್ಯಸ್ಥರಿಗೂ ವಕೀಲರಿಗೂ ಕನ್ನಡ ಪ್ರತಿಯಲ್ಲಿ ಏನಿದೆ ಎಂದು ಇಣುಕಿ ನೋಡಲು ಇದು ದಾರಿ ಮಾಡಿಕೊಡುತ್ತದೆ.

ಈ ಕ್ರಮವನ್ನು ಸಂಶೋಧನೆಯ ಪ್ರಶ್ನಾವಳಿಗಳಿಗಾಗಿ ವಿವರವಾಗಿ ಬರೆದಿಟ್ಟವರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ಬ್ರಿಸ್ಲಿನ್ ಮುಖ್ಯರು. 1970ರಲ್ಲಿ ಬಂದ ಅವರ ಲೇಖನವನ್ನು ಇವತ್ತಿಗೂ ಉಲ್ಲೇಖಿಸುತ್ತಾರೆ. ಆ ಲೇಖನದಲ್ಲೇ ಅವರು ಈ ಕ್ರಮ ಎಲ್ಲೆಲ್ಲಿ ಮೋಸ ಮಾಡಬಹುದು ಎಂದೂ ಹೇಳಿದ್ದರು. ಆ ಎಚ್ಚರಿಕೆಯ ಮಾತನ್ನು ಜಾಸ್ತಿ ಜನ ಓದುವುದಿಲ್ಲ.

ಹಿಮ್ಮುಖ ಅನುವಾದ ಮೂಲಕ್ಕೆ ಸರಿಯಾಗಿ ಹೊಂದಿದರೆ ಕನ್ನಡ ಚೆನ್ನಾಗಿದೆ ಅಂತ ಅರ್ಥವೇ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ.

ಇಂಗ್ಲಿಷ್ ವಾಕ್ಯವನ್ನು ಪದಕ್ಕೆ ಪದ ಇಟ್ಟು ಕನ್ನಡ ಮಾಡಿದ್ದಾರೆ ಎಂದುಕೊಳ್ಳಿ. ವಾಕ್ಯದ ಕಟ್ಟು ಇಂಗ್ಲಿಷಿನದು, ಪದ ಮಾತ್ರ ಕನ್ನಡದವು. ಹೊಲಿಗೆ ಲೈನಿನಲ್ಲಿ ಕೂತವರಿಗೆ ಅದು ತಲೆಬುಡ ತಿಳಿಯುವುದಿಲ್ಲ. ಆದರೆ ಇಂಗ್ಲಿಷ್ ಚೆನ್ನಾಗಿ ಬಲ್ಲ ಹಿಮ್ಮುಖ ಅನುವಾದಕರಿಗೆ ಆ ಕನ್ನಡದ ಹಿಂದಿರುವ ಇಂಗ್ಲಿಷ್ ಕಾಣುತ್ತದೆ. ಅವರು ಅದನ್ನು ಸಲೀಸಾಗಿ ವಾಪಸ್ ತರುತ್ತಾರೆ. ಎರಡೂ ಇಂಗ್ಲಿಷ್ ತಾಳೆಯಾಗುತ್ತವೆ, ಎಲ್ಲರೂ ಸಹಿ ಹಾಕುತ್ತಾರೆ. ಸರಾಗವಾದ ಒಳ್ಳೆಯ ಕನ್ನಡವಾದರೆ ವಾಪಸ್ ಬರುವಾಗ ಪದಗಳು ಬದಲಾಗುತ್ತವೆ, ಸಾಲುಗಳು ಹಿಂದೆಮುಂದೆ ಆಗುತ್ತವೆ. ಅದನ್ನೇ ತಪ್ಪು ಎಂದು ಗುರುತು ಹಾಕುವವರಿದ್ದಾರೆ.

ಆದ್ದರಿಂದ ಎರಡು ಇಂಗ್ಲಿಷ್ ನಡುವೆ ಶೇಕಡಾ ಎಷ್ಟು ಪದ ಹೊಂದಿದವು ಎಂದು ಎಣಿಸುವುದರಿಂದ ಪ್ರಯೋಜನವಿಲ್ಲ. ಹಿಮ್ಮುಖ ಅನುವಾದ ಮಾಡುವ ಕೆಲಸ ಒಂದೇ: ಎಲ್ಲಿ ಪ್ರಶ್ನೆ ಕೇಳಬೇಕು ಎಂದು ತೋರಿಸುವುದು. ಉತ್ತರವನ್ನು ಮೂಲ ಬರೆದವರ ಹತ್ತಿರ ಮತ್ತು ಕೈಪಿಡಿ ಓದುವವರ ಹತ್ತಿರ ಹುಡುಕಬೇಕು.

ಇಡೀ ಕೈಪಿಡಿಗೆ ಮಾಡಿಸಬೇಕಾ?

ಬೇಡ. ಖರ್ಚು ಹೆಚ್ಚೂಕಡಿಮೆ ಇನ್ನೊಂದು ಅನುವಾದದಷ್ಟೇ ಬೀಳುತ್ತದೆ. ಸಂಬಳ ಮತ್ತು ಕಡಿತ, ಓಟಿ, ರಜೆ, ಶಿಸ್ತು ಕ್ರಮ, ಲೈಂಗಿಕ ಕಿರುಕುಳದ ದೂರು, ಸುರಕ್ಷತೆ, ಕೆಲಸ ಬಿಡುವುದು ಅಥವಾ ಬಿಡಿಸುವುದು, ಇಷ್ಟಕ್ಕೆ ಮಾಡಿಸಿ. ಸ್ವಾಗತದ ಮಾತು, ಕಂಪನಿಯ ಇತಿಹಾಸ, ಕ್ಯಾಂಟೀನ್ ಸಮಯಕ್ಕೆ ಇನ್ನೊಬ್ಬರು ಎರಡೂ ಭಾಷೆ ಇಟ್ಟುಕೊಂಡು ಒಮ್ಮೆ ಓದಿದರೆ ಸಾಕು. ಹಾಗೆ ಎರಡನೆಯವರು ಮೂಲದೊಂದಿಗೆ ಹೋಲಿಸಿ ಓದುವುದನ್ನು ಅನುವಾದ ಸೇವೆಗಳ ಐಎಸ್‌ಒ 17100 ಮಾನದಂಡ ಕಡ್ಡಾಯ ಮಾಡಿದೆ. ಅದನ್ನು ಬಿಟ್ಟು ನೇರವಾಗಿ ಹಿಮ್ಮುಖ ಅನುವಾದಕ್ಕೆ ಹೋಗಬೇಡಿ. ಸಣ್ಣಪುಟ್ಟ ಕೈತಪ್ಪುಗಳೆಲ್ಲ ಅಲ್ಲೇ ಸಿಕ್ಕಿಬಿಟ್ಟರೆ ಮುಂದಿನ ಹಂತದಲ್ಲಿ ಸಮಯ ಉಳಿಯುತ್ತದೆ.

ಹಿಮ್ಮುಖ ಅನುವಾದಕ್ಕೆ ಯಾರನ್ನು ಹಿಡಿಯಬೇಕು? ಅವರಿಗೆ ಏನು ಹೇಳಬೇಕು?

ಮನೆಯಲ್ಲಿ ಕನ್ನಡ ಮಾತಾಡುವ, ದಿನವೂ ಇಂಗ್ಲಿಷಿನಲ್ಲಿ ಬರೆಯುವ ಒಬ್ಬರು. ಕಾರ್ಮಿಕ ಕಾನೂನಿನ ವಕೀಲರೋ ಎಚ್‌ಆರ್ ಅನುಭವಿಯೋ ಬೇಡ. ಅಂಥವರಿಗೆ ಆ ಜಾಗದಲ್ಲಿ ಏನಿರಬೇಕು ಎಂದು ಮೊದಲೇ ಗೊತ್ತಿರುತ್ತದೆ. ಕನ್ನಡ ತಪ್ಪಿದ್ದರೂ ಅವರ ಕೈ ತಾನಾಗಿ ಸರಿಯಾದ ಇಂಗ್ಲಿಷನ್ನೇ ಬರೆದುಬಿಡುತ್ತದೆ.

ಅವರಿಗೆ ಹೇಳಬೇಕಾದ ಮಾತು ಹೆಚ್ಚಿಲ್ಲ. ಇದ್ದದ್ದನ್ನು ಇದ್ದ ಹಾಗೆ ತನ್ನಿ, ಅಂದಗೊಳಿಸಬೇಡಿ. ಕನ್ನಡ ಒರಟಾಗಿದ್ದರೆ ಇಂಗ್ಲಿಷೂ ಒರಟಾಗಿರಲಿ. ಮೂಲ ಹುಡುಕಬೇಡಿ, ಮೊದಲ ಅನುವಾದಕರಿಗೆ ಫೋನ್ ಮಾಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸಾಲಿಗೆ ಎರಡು ಅರ್ಥ ಬರುವಂತಿದ್ದರೆ ಒಂದನ್ನು ಆರಿಸಬೇಡಿ, ಎರಡನ್ನೂ ಬರೆಯಿರಿ.

ಈ ಕೊನೆಯ ಸೂಚನೆ ಯಾಕೆ ಅಂದರೆ, “ಎಲ್ಲ ನೌಕರರಿಗೂ ಈ ಭತ್ಯೆ ಸಿಗುವುದಿಲ್ಲ” ಎನ್ನುವ ಸಾಲನ್ನು ನೋಡಿ. ಕೆಲವರಿಗೆ ಸಿಗುತ್ತದೆ, ಎಲ್ಲರಿಗೂ ಅಲ್ಲ ಎಂದೂ ಓದಬಹುದು. ಯಾರಿಗೂ ಇಲ್ಲ ಎಂದೂ ಓದಬಹುದು. ಹಿಮ್ಮುಖ ಅನುವಾದಕರು ಮೊದಲನೆಯದನ್ನು ಆರಿಸಿದರೆ ಅದು ಮೂಲಕ್ಕೆ ಹೊಂದಿಬಿಡುತ್ತದೆ, ಗೊಂದಲ ಪುಸ್ತಕದಲ್ಲೇ ಉಳಿಯುತ್ತದೆ. ಟಿಪ್ಪಣಿ ಹಾಕಿದರೆ “ಕೆಳಗಿನ ನೌಕರರಿಗೆ ಮಾತ್ರ ಈ ಭತ್ಯೆ ಸಿಗುತ್ತದೆ” ಎಂದು ತಿದ್ದಬಹುದು.

ಒಂದು ಕಲಂ ತೆಗೆದುಕೊಂಡು ಪೂರ್ತಿ ತೋರಿಸುತ್ತೀರಾ?

ಗೈರುಹಾಜರಿಯ ಕಲಂ ನೋಡೋಣ. ಕೆಲಸವೇ ಹೋಗುವ ವಿಷಯ ಇದು, ಸೂಕ್ಷ್ಮವಾಗಿ ನೋಡಬೇಕು.

ಇಂಗ್ಲಿಷ್ ಮೂಲದಲ್ಲಿ ಇರುವುದು ಇಷ್ಟು: ಮಂಜೂರಾದ ಲೀವ್ ಇಲ್ಲದೆ ಸತತವಾಗಿ 8 ವರ್ಕಿಂಗ್ ಡೇಗಳಿಗಿಂತ ಹೆಚ್ಚು ಗೈರಾದ ನೌಕರರನ್ನು ಕೆಲಸ ತೊರೆದವರು ಎಂದು ಕಂಪನಿ ಪರಿಗಣಿಸಬಹುದು, ಅವರು ಒಪ್ಪುವಂಥ ಕಾರಣ ಕೊಟ್ಟರೆ ಹಾಗೆ ಪರಿಗಣಿಸುವುದಿಲ್ಲ.

ಕನ್ನಡದ ಮೊದಲ ಕರಡು ಹೀಗೆ ಬಂತು ಎಂದುಕೊಳ್ಳಿ:

“ರಜೆ ಇಲ್ಲದೆ ಎಂಟು ದಿನ ಗೈರುಹಾಜರಾಗುವ ನೌಕರರನ್ನು ಕೆಲಸ ತೊರೆದವರೆಂದು ಪರಿಗಣಿಸಲಾಗುವುದು. ಗೈರುಹಾಜರಿಗೆ ಸಮರ್ಪಕ ಕಾರಣ ನೀಡತಕ್ಕದ್ದು.”

ಸುಮ್ನೆ ಓದಿದರೆ ಇದರಲ್ಲಿ ತಪ್ಪು ಕಾಣುವುದಿಲ್ಲ. ವ್ಯಾಕರಣ ಸರಿ, ಭಾಷೆ ಗಂಭೀರವಾಗಿದೆ. ಹಿಮ್ಮುಖ ಅನುವಾದ ಬಂದಾಗ ಒಂದೊಂದೇ ಬಿಚ್ಚಿಕೊಳ್ಳುತ್ತದೆ.

ಮೊದಲನೆಯದು ದಿನಗಳ ಲೆಕ್ಕ. ವಾಪಸ್ ಬಂದದ್ದು “ಏಯ್ಟ್ ಡೇಸ್” ಮಾತ್ರ. ‘ಗಿಂತ ಹೆಚ್ಚು’, ‘ಸತತ’, ‘ಕೆಲಸದ ದಿನ’, ಮೂರೂ ಇಲ್ಲ. ಇದರಿಂದ ಏನಾಗುತ್ತದೆ ಎಂದು ಕ್ಯಾಲೆಂಡರ್ ಹಿಡಿದು ನೋಡಬೇಕು. ಒಬ್ಬ ಟೈಲರ್ ಸೋಮವಾರದಿಂದ ಬಂದಿಲ್ಲ, ಭಾನುವಾರ ವಾರದ ರಜೆ. ಕನ್ನಡದ ಪ್ರಕಾರ ಭಾನುವಾರವನ್ನೂ ಸೇರಿಸಿ ಎಣಿಸಿದರೆ ಮುಂದಿನ ಸೋಮವಾರಕ್ಕೆ ಎಂಟು ದಿನ ಮುಗಿಯಿತು. ಇಂಗ್ಲಿಷ್ ಪ್ರಕಾರ ಮೊದಲ ವಾರದಲ್ಲಿ ಆರು ದಿನ, ಎರಡನೇ ವಾರದ ಸೋಮವಾರ, ಮಂಗಳವಾರ ಸೇರಿ ಎಂಟು. ಎಂಟಕ್ಕಿಂತ ಹೆಚ್ಚು ಆಗುವುದು ಬುಧವಾರ. ಆ ಟೈಲರ್ ಬುಧವಾರ ಬೆಳಗ್ಗೆ ಗೇಟಿಗೆ ಬಂದರೆ ಇಂಗ್ಲಿಷ್ ಕೈಪಿಡಿ ಒಳಗೆ ಬಿಡುತ್ತದೆ, ಕನ್ನಡ ಕೈಪಿಡಿ ಬಿಡುವುದಿಲ್ಲ. ‘ಸತತ’ ಬಿಟ್ಟುಹೋದದ್ದು ಇನ್ನೂ ಕೆಟ್ಟದ್ದು. ಬೇರೆ ಬೇರೆ ತಿಂಗಳಲ್ಲಿ ಒಂದೊಂದು ದಿನ ತಪ್ಪಿಸಿದರೂ ಒಟ್ಟು ಎಂಟಾದರೆ ಕೆಲಸ ಹೋಯಿತು ಎಂದು ಓದಲು ಅವಕಾಶವಿದೆ.

ಎರಡನೆಯದು ‘ಬಹುದು’ ಮತ್ತು ‘ಲಾಗುವುದು’. ಮೂಲದಲ್ಲಿ ಕಂಪನಿ ಹಾಗೆ ಮಾಡಬಹುದು ಎಂದಿದೆ. ಕನ್ನಡದಲ್ಲಿ ‘ಪರಿಗಣಿಸಲಾಗುವುದು’ ಎಂದಾಗಿ, ವಾಪಸ್ ಬರುವಾಗ ‘ವಿಲ್ ಬಿ’ ಆಯಿತು. ಸರ್ಕಾರಿ ಸುತ್ತೋಲೆಗಳ ಗುಂಗಿನಲ್ಲಿ ಬರೆದಾಗ ‘ಲಾಗುವುದು’ ಎಲ್ಲ ಕಡೆ ನುಸುಳುತ್ತದೆ. ಇಲ್ಲಿ ಅದು ವಿವೇಚನೆಯನ್ನು ತೆಗೆದುಹಾಕಿ, ದಿನ ತುಂಬಿದ ಕೂಡಲೇ ತನ್ನಷ್ಟಕ್ಕೆ ಕೆಲಸ ಹೋಗುತ್ತದೆ ಎಂದು ಹೇಳಿಸುತ್ತಿದೆ. ಇದು ಕಾನೂನಿನ ದೃಷ್ಟಿಯಿಂದಲೂ ದೊಡ್ಡ ವ್ಯತ್ಯಾಸ. 1993ರ ಡಿ.ಕೆ. ಯಾದವ್ ಪ್ರಕರಣ ಇಂಥದ್ದೇ ಎಂಟು ದಿನದ ನಿಯಮದ ಬಗ್ಗೆ ಇತ್ತು. ನೌಕರರ ಮಾತು ಕೇಳದೆ, ವಿಚಾರಣೆ ಮಾಡದೆ, ನಿಯಮದ ಹೆಸರಿನಲ್ಲಿ ಕೆಲಸದಿಂದ ತೆಗೆಯುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಮೂರನೆಯದು ‘ಕೊಟ್ಟರೆ ಹಾಗೆ ಪರಿಗಣಿಸುವುದಿಲ್ಲ’ ಎನ್ನುವ ಭಾಗ. ಕನ್ನಡದಲ್ಲಿ ಅದು ಪ್ರತ್ಯೇಕ ಸಾಲಾಗಿ, ಕಾರಣ ಕೊಡಲೇಬೇಕು ಎಂಬ ಆಜ್ಞೆಯಾಗಿದೆ. ಮೂಲದಲ್ಲಿ ಅದು ನೌಕರರಿಗೆ ಇದ್ದ ರಕ್ಷಣೆ. ಕಾರಣ ಕೊಟ್ಟರೆ ಕೆಲಸ ಉಳಿಯುತ್ತದೆ ಎನ್ನುವ ಮಾತೇ ಮಾಯವಾಗಿದೆ.

ನಾಲ್ಕನೆಯದನ್ನು ಹಿಮ್ಮುಖ ಅನುವಾದಕರು ಟಿಪ್ಪಣಿಯಲ್ಲಿ ಬರೆದರೆ ಮಾತ್ರ ಸಿಗುತ್ತದೆ. ‘ರಜೆ ಇಲ್ಲದೆ’ ಎಂದರೆ ಮಂಜೂರಾತಿ ಇಲ್ಲದೆ ಎಂದೂ ಆಗುತ್ತದೆ, ಖಾತೆಯಲ್ಲಿ ರಜೆ ಉಳಿದಿಲ್ಲದೆ ಎಂದೂ ಆಗುತ್ತದೆ. “ನನಗೆ ರಜೆ ಇಲ್ಲ” ಎಂದು ಕಾರ್ಖಾನೆಯಲ್ಲಿ ಯಾರಾದರೂ ಹೇಳಿದರೆ ಎರಡನೇ ಅರ್ಥವೇ ಮೊದಲು ಹೊಳೆಯುವುದು. ಇಎಲ್, ಅಂದರೆ ಗಳಿಕೆ ರಜೆ, ಬಾಕಿ ಇರುವವರು ಈ ಕಲಂ ತಮಗೆ ಅನ್ವಯಿಸುವುದಿಲ್ಲ ಎಂದುಕೊಂಡು ಹೇಳದೆ ಊರಿಗೆ ಹೋಗಿಬಿಡಬಹುದು.

ತಿದ್ದಿದ ರೂಪ ಹೀಗಿರಬಹುದು:

“ಮೊದಲೇ ಮಂಜೂರಾದ ರಜೆ ಇಲ್ಲದೆ, ನೀವು ಒಂದರ ಹಿಂದೆ ಒಂದರಂತೆ 8 ಕೆಲಸದ ದಿನಗಳಿಗಿಂತ ಹೆಚ್ಚು ಗೈರುಹಾಜರಾದರೆ, ನೀವು ಕೆಲಸ ಬಿಟ್ಟಿದ್ದೀರಿ ಎಂದು ಕಂಪನಿ ತೀರ್ಮಾನಿಸಬಹುದು. ವಾರದ ರಜೆ, ಹಬ್ಬದ ರಜೆಗಳನ್ನು ಈ 8 ದಿನಗಳಲ್ಲಿ ಎಣಿಸುವುದಿಲ್ಲ. ಗೈರುಹಾಜರಿಗೆ ಒಪ್ಪುವಂಥ ಕಾರಣ ಕೊಟ್ಟರೆ ಹಾಗೆ ತೀರ್ಮಾನಿಸುವುದಿಲ್ಲ.”

ಒಂದು ಸಾಲು ಜಾಸ್ತಿ ಆಯಿತು, ಅಲ್ವಾ? ಆಗಲಿ.

ತಿದ್ದುವಾಗ ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಹುದಾ?

ಅನುವಾದಕರು ತಾವಾಗಿಯೇ ಸೇರಿಸಬಾರದು. ಮೇಲಿನ ಕಲಂನಲ್ಲೇ ನೋಡಿ. ಕಾರಣವನ್ನು ಯಾರಿಗೆ ಹೇಳಬೇಕು, ತೀರ್ಮಾನಕ್ಕೆ ಮುಂಚೆ ಕಂಪನಿ ನೋಟಿಸ್ ಕಳಿಸುತ್ತದಾ, ಎಷ್ಟು ದಿನ ಕಾಯುತ್ತದೆ, ಇದ್ಯಾವುದೂ ಇಂಗ್ಲಿಷಿನಲ್ಲೂ ಇಲ್ಲ. ಹಬ್ಬದ ರಜೆಯನ್ನು ಎಣಿಸುವುದಿಲ್ಲ ಎನ್ನುವುದನ್ನು ಕೂಡ ಎಚ್‌ಆರ್ ಹೌದು ಎಂದ ಮೇಲೆಯೇ ಬರೆಯಬೇಕು.

ಸರಿಯಾದ ದಾರಿ ಅಂದರೆ ಮೊದಲು ಮೂಲವನ್ನು ತಿದ್ದಿಸುವುದು, ಆಮೇಲೆ ಕನ್ನಡವನ್ನು ಅದಕ್ಕೆ ಹೊಂದಿಸುವುದು. ಹಿಮ್ಮುಖ ಅನುವಾದದ ಸಭೆಗಳಲ್ಲಿ ಇಂಗ್ಲಿಷ್ ಪ್ರತಿಯೇ ತಿದ್ದುಪಡಿಯಾಗುವುದು ಹೊಸದೇನಲ್ಲ. ನನ್ನ ಪ್ರಕಾರ ಈ ಕೆಲಸದಿಂದ ಸಿಗುವ ದೊಡ್ಡ ಲಾಭವೇ ಅದು. ಅಸ್ಪಷ್ಟ ಮೂಲವನ್ನು ಯಾರೂ ಸ್ಪಷ್ಟವಾಗಿ ಅನುವಾದಿಸಲಾರರು.

ವ್ಯತ್ಯಾಸ ಕಂಡಾಗ ತಪ್ಪು ಯಾರದು ಎಂದು ತಿಳಿಯುವುದು ಹೇಗೆ?

ಮೊದಲು ಕನ್ನಡಕ್ಕೆ ಹೋಗಿ. ಎರಡು ಇಂಗ್ಲಿಷ್‌ಗಳನ್ನು ನೋಡಿಕೊಂಡೇ ತೀರ್ಪು ಕೊಡಬೇಡಿ. ಕನ್ನಡ ಸಾಲು ಮೂಲದ ಅರ್ಥವನ್ನೇ ಹೇಳುತ್ತಿದ್ದರೆ ಹಿಮ್ಮುಖ ಅನುವಾದಕರು ಎಡವಿದ್ದಾರೆ ಅಥವಾ ಬೇರೆ ಪದ ಬಳಸಿದ್ದಾರೆ. ‘ಇಮಿಡಿಯೆಟ್ಲಿ’ ಹೋಗಿ ‘ಕೂಡಲೇ’ ಆಗಿ ‘ಅಟ್ ಒನ್ಸ್’ ಎಂದು ಬಂದರೆ ಅಲ್ಲಿ ಮಾಡಬೇಕಾದದ್ದು ಏನೂ ಇಲ್ಲ.

ಕೆಲವು ಸಣ್ಣದಾಗಿ ಕಾಣುತ್ತವೆ, ಸಣ್ಣವಲ್ಲ. ‘ಪೆನಾಲ್ಟಿ’ಯನ್ನು ‘ದಂಡ’ ಎಂದು ಬರೆದದ್ದು ‘ಫೈನ್’ ಎಂದು ವಾಪಸ್ ಬಂದರೆ ನಿಲ್ಲಿ. ಎಚ್ಚರಿಕೆ ಪತ್ರ, ಅಮಾನತು ಎಲ್ಲವೂ ಪೆನಾಲ್ಟಿಗಳೇ. ಆದರೆ ‘ದಂಡ’ ಅಂದರೆ ಓದುವವರಿಗೆ ಸಂಬಳದಿಂದ ದುಡ್ಡು ಹಿಡಿಯುವುದು. ಅಲ್ಲಿ ‘ಶಿಸ್ತು ಕ್ರಮ’ ಎಂದಿರಬೇಕು. ಹಾಗೆಯೇ ‘ರಿಪೋರ್ಟಿಂಗ್ ಮ್ಯಾನೇಜರ್’ಗೆ ತಿಳಿಸಬೇಕು ಎಂಬುದು ‘ಮೇಲಧಿಕಾರಿ’ ಆಗಿ ‘ಸೀನಿಯರ್ ಆಫೀಸರ್’ ಎಂದು ಬಂದರೆ, ಯಾರಿಗೆ ಹೇಳಿದರೆ ಲೆಕ್ಕ ಎನ್ನುವುದೇ ಬದಲಾಗಿದೆ. ಲೈನ್ ಸೂಪರ್‌ವೈಸರ್‌ಗೆ ಹೇಳಿದ್ದು ಸಾಕಾ, ಫ್ಲೋರ್ ಇನ್‌ಚಾರ್ಜ್‌ಗೇ ಹೇಳಬೇಕಾ? ಹುದ್ದೆಯ ಹೆಸರನ್ನೇ ಬರೆಯುವುದು ಒಳ್ಳೆಯದು.

ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಕನ್ನಡ ಓದಿದವರು ಮತ್ತು ಇಂಗ್ಲಿಷ್ ಓದಿದವರು ಒಂದೇ ಸಂದರ್ಭದಲ್ಲಿ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತಾರಾ? ಹೌದು ಎಂದರೆ ತಿದ್ದಬೇಕು. ಇಲ್ಲ ಎಂದರೆ ಪದ ಎಷ್ಟೇ ಬೇರೆ ಇರಲಿ, ಬಿಡಿ.

‘ರಜೆ’ ಎನ್ನುವ ಪದದ ಬಗ್ಗೆ ಯಾವಾಗಲೂ ಜಗಳ ಬರುತ್ತದೆ. ಏನು ಮಾಡುವುದು?

ಇಂಗ್ಲಿಷಿನ ಲೀವ್, ಹಾಲಿಡೇ, ವೀಕ್ಲಿ ಆಫ್, ಮೂರಕ್ಕೂ ಕನ್ನಡದಲ್ಲಿ ರಜೆಯೇ. ಬರೀ ‘ರಜೆ’ ಎಂದು ಎಲ್ಲೂ ಬಿಡಬೇಡಿ. ವಾರದ ರಜೆ, ಹಬ್ಬದ ರಜೆ, ಗಳಿಕೆ ರಜೆ, ಸಾಂದರ್ಭಿಕ ರಜೆ ಎಂದು ಪ್ರತಿ ಸಲವೂ ಪೂರ್ತಿ ಬರೆಯಿರಿ. ನವೆಂಬರ್ 1ರ ರಾಜ್ಯೋತ್ಸವದಂಥ ರಜೆಗೆ ಅರ್ಜಿ ಹಾಕಬೇಕಿಲ್ಲ, ಗಳಿಕೆ ರಜೆಗೆ ಹಾಕಬೇಕು. ಜನ ಇಎಲ್, ಸಿಎಲ್ ಅಂತಲೇ ಮಾತಾಡುವುದರಿಂದ ಆ ಅಕ್ಷರಗಳನ್ನೂ ಪಕ್ಕದಲ್ಲಿ ಕೊಡಿ. ಮೊದಲ ಅನುವಾದಕ್ಕೆ ಕೂರುವ ಮುಂಚೆಯೇ ಇಂಥ ಪದಗಳ ಪಟ್ಟಿ ಮಾಡಿ ಎಚ್‌ಆರ್ ಒಪ್ಪಿಗೆ ತೆಗೆದುಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಲೈಂಗಿಕ ಕಿರುಕುಳದ ಅಧ್ಯಾಯದಲ್ಲಿ ವಿಶೇಷವಾಗಿ ಏನು ನೋಡಬೇಕು?

ದೂರು ಕೊಡುವ ಅವಧಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಘಟನೆ ನಡೆದ ದಿನದಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು. ಘಟನೆಗಳು ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯ ದಿನದಿಂದ ಮೂರು ತಿಂಗಳು. ಆ ಅವಧಿಯಲ್ಲಿ ದೂರು ಕೊಡಲಾಗದ ಪರಿಸ್ಥಿತಿ ಇತ್ತು ಎಂದು ಮನವರಿಕೆಯಾದರೆ, ದೂರು ವಿಚಾರಿಸುವ ಸಮಿತಿ ಕಾರಣ ಬರೆದಿಟ್ಟು ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ಅನುವಾದದಲ್ಲಿ ‘ಕೊನೆಯ’ ಎಂಬ ಒಂದು ಪದ ಬಿದ್ದುಹೋದರೆ ಸಾಕು. ತಿಂಗಳುಗಟ್ಟಲೆ ಸಹಿಸಿಕೊಂಡ ಹೆಣ್ಣುಮಗಳು ಮೊದಲ ಘಟನೆಯಿಂದ ಲೆಕ್ಕ ಹಾಕಿ, ನನ್ನ ಅವಧಿ ಮುಗಿಯಿತು ಎಂದು ಸುಮ್ಮನಾಗಿಬಿಡುತ್ತಾಳೆ. ಹಾಗಾಗಿ ಈ ಅಧ್ಯಾಯದ ಹಿಮ್ಮುಖ ಅನುವಾದವನ್ನು ಇಂಗ್ಲಿಷ್ ಕೈಪಿಡಿಯ ಜೊತೆ ಮಾತ್ರವಲ್ಲ, ಕಾಯ್ದೆಯ ಪಠ್ಯದ ಜೊತೆಗೂ ಹೋಲಿಸಿ.

ತೀರ್ಮಾನದ ಸಭೆಯಲ್ಲಿ ಯಾರಿರಬೇಕು? ಏನು ಬರೆದಿಡಬೇಕು?

ಮೊದಲ ಅನುವಾದಕರು, ಕಲಂನ ಉದ್ದೇಶ ಹೇಳಬಲ್ಲ ಎಚ್‌ಆರ್ ಅಧಿಕಾರಿ, ಬೇಕಾದಾಗ ವಕೀಲರು, ಮತ್ತು ಕೆಲಸದ ಜಾಗದಿಂದ ಒಬ್ಬರು. ಆ ಒಬ್ಬರು ಸೂಪರ್‌ವೈಸರ್ ಆಗಿರಬಾರದು. ಕಾರ್ಖಾನೆಯಲ್ಲಿ ವರ್ಕ್ಸ್ ಕಮಿಟಿ ಇದ್ದರೆ ಅಲ್ಲಿನ ಕಾರ್ಮಿಕ ಪ್ರತಿನಿಧಿಯನ್ನು ಕರೆಯಿರಿ. ಹಿಮ್ಮುಖ ಅನುವಾದಕರು ತಮ್ಮ ಪಠ್ಯ ಒಪ್ಪಿಸಿದ ಮೇಲೆ ಬರಬಹುದು, “ಇಲ್ಲಿ ಹೀಗೆ ಯಾಕೆ ಓದಿದಿರಿ” ಎಂದು ಕೇಳಬೇಕಾಗುತ್ತದೆ. ಮೊದಲ ಅನುವಾದಕರು ಸಭೆಯಲ್ಲಿ ತಮ್ಮನ್ನು ಸಮರ್ಥಿಸಿಕೊಳ್ಳುವ ಸ್ಥಿತಿ ಬರಬಾರದು. ಹಾಗಾದರೆ ಚರ್ಚೆ ಅರ್ಥದ ಬಗ್ಗೆ ಉಳಿಯುವುದಿಲ್ಲ.

ಪ್ರತಿ ವ್ಯತ್ಯಾಸಕ್ಕೂ ಒಂದು ಸಾಲು ಬರೆದಿಡಿ: ಕಲಂ ಸಂಖ್ಯೆ, ಮೂಲ, ಕನ್ನಡ, ವಾಪಸ್ ಬಂದದ್ದು, ತೀರ್ಮಾನ, ಕಾರಣ, ತೀರ್ಮಾನಿಸಿದವರು. ಕಾರಣದ ಜಾಗ ಖಾಲಿ ಬಿಡಬೇಡಿ. ಎರಡು ವರ್ಷದ ನಂತರ ಕೈಪಿಡಿ ಪರಿಷ್ಕರಿಸುವಾಗ ಹೊಸಬರು ಬಂದು ಅದೇ ಪದವನ್ನು ಹಳೆಯ ತಪ್ಪಿಗೆ ವಾಪಸ್ ತಿರುಗಿಸದಂತೆ ತಡೆಯುವುದು ಆ ಕಾರಣವೇ.

ಒಮ್ಮತ ಬರದಿದ್ದರೆ?

ಅರ್ಥ ಏನು ಎನ್ನುವುದನ್ನು ಎಚ್‌ಆರ್ ಮತ್ತು ವಕೀಲರು ತೀರ್ಮಾನಿಸಲಿ. ಆ ಅರ್ಥವನ್ನು ಕನ್ನಡದಲ್ಲಿ ಹೇಗೆ ಹೇಳಬೇಕು ಎನ್ನುವುದನ್ನು ಅನುವಾದಕರು ತೀರ್ಮಾನಿಸಲಿ. ಮ್ಯಾನೇಜರ್ ಬಂದು ಪದ ಆರಿಸುವುದು, ಅನುವಾದಕರು ನೀತಿ ಆರಿಸುವುದು, ಎರಡೂ ಬೇಡ. ಅದರ ಮೇಲೂ ಎರಡು ರೂಪಗಳು ಉಳಿದರೆ ಕಾರ್ಮಿಕರ ಮುಂದೆ ಓದಿ ನೋಡಿ.

ಓದಿಸಿ ನೋಡುವುದು ಹೇಗೆ?

“ಅರ್ಥ ಆಯ್ತಾ?” ಎಂದು ಕೇಳಬೇಡಿ. ಎಲ್ಲರೂ ಆಯ್ತು ಅನ್ನುತ್ತಾರೆ. ಸಂದರ್ಭ ಕೊಡಿ. “ಒಬ್ಬರು ಸೋಮವಾರದಿಂದ ಬಂದಿಲ್ಲ, ಹೇಳಿಯೂ ಇಲ್ಲ. ಯಾವ ದಿನದವರೆಗೆ ಅವರ ಕೆಲಸಕ್ಕೆ ತೊಂದರೆ ಇಲ್ಲ?” ಎರಡನೇ ವಾರದ ಮಂಗಳವಾರ ಎಂದರೆ ಕಲಂ ಸರಿಯಾಗಿದೆ. ಎರಡನೇ ವಾರದ ಸೋಮವಾರ ಎಂದರೆ ಅವರು ವಾರದ ರಜೆಯನ್ನೂ ಎಣಿಸಿದ್ದಾರೆ. ಓದಲು ಕಷ್ಟಪಡುವವರಿಗೆ ನೀವೇ ಓದಿ ಹೇಳಿ. ಬೇರೆ ಬೇರೆ ಕಡೆಯಿಂದ ಬಂದ, ಬೇರೆ ಬೇರೆ ವಯಸ್ಸಿನ ಕೆಲವರು ಸಾಕು. ಒಂದೇ ತಪ್ಪು ಇಬ್ಬರಿಂದ ಬಂದರೆ ಸಾಲು ಬದಲಿಸಿ. ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿರಬಾರದು.

ತಿದ್ದಿದ ಮೇಲೆ ಮತ್ತೆ ಹಿಮ್ಮುಖ ಅನುವಾದ ಬೇಕಾ?

ಅರ್ಥ ಬದಲಾದ ಕಲಂಗಳಿಗೆ ಮಾತ್ರ ಬೇಕು, ಅದೂ ಬೇರೆಯವರಿಂದ. ಮೊದಲ ಸುತ್ತಿನವರು ಸಭೆಯಲ್ಲಿ ಕೂತು ಮೂಲ ಏನೆಂದು ತಿಳಿದುಕೊಂಡಿದ್ದಾರೆ. ಇನ್ನು ಅವರ ಓದನ್ನು ನಂಬಲಾಗದು.

“ವ್ಯತ್ಯಾಸ ಬಂದರೆ ಇಂಗ್ಲಿಷ್ ಪ್ರತಿಯೇ ಅಂತಿಮ” ಎಂದು ಬರೆದರೆ ಇಷ್ಟೆಲ್ಲ ಯಾಕೆ ಬೇಕು?

ಆ ಸಾಲು ಇರಲಿ, ಬೇಡವೆನ್ನುವುದಿಲ್ಲ. ಆದರೆ ಪ್ರಮಾಣೀಕರಿಸಿದ ಸ್ಥಾಯಿ ಆದೇಶಗಳನ್ನು, ಅಂದರೆ ಕಾರ್ಖಾನೆಯ ಕೆಲಸದ ನಿಯಮಗಳನ್ನು, ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಗೇಟಿನ ಹತ್ತಿರ ಹಾಕಬೇಕು ಎಂದು ಸ್ಥಾಯಿ ಆದೇಶಗಳ 1946ರ ಕಾಯ್ದೆಯೇ ಹೇಳಿತ್ತು. ಜನ ಓದಿ ನಡೆದುಕೊಳ್ಳಲಿ ಎನ್ನುವುದೇ ಅದರ ಉದ್ದೇಶ. ಕನ್ನಡ ಪ್ರತಿ ಓದಿ, ಅದಕ್ಕೇ ಸಹಿ ಹಾಕಿ, ಅದರಂತೆ ನಡೆದುಕೊಂಡವರಿಗೆ ಅವರು ಓದಲಾಗದ ಇನ್ನೊಂದು ಪ್ರತಿ ತೋರಿಸುವುದು ನ್ಯಾಯವಲ್ಲ.

ಹಿಂದಿ, ಒಡಿಯಾ ಪ್ರತಿಗಳೂ ಇದ್ದರೆ?

ಪ್ರತಿ ಭಾಷೆಗೂ ಬೇರೆ ಬೇರೆ ಹಿಮ್ಮುಖ ಅನುವಾದ ಮಾಡಿಸಿ, ಎಲ್ಲ ಇಂಗ್ಲಿಷ್‌ಗಳನ್ನು ಒಂದೇ ಕಲಂನ ಕೆಳಗೆ ಸಾಲಾಗಿ ಇಡಿ. ಮೂರೂ ಭಾಷೆಯಲ್ಲಿ ಒಂದೇ ಜಾಗದಲ್ಲಿ ವ್ಯತ್ಯಾಸ ಬಂದಿದ್ದರೆ ಮೊದಲು ಮೂಲವನ್ನೇ ಅನುಮಾನಿಸಿ. ಒಂದರಲ್ಲಿ ಮಾತ್ರ ಬಂದಿದ್ದರೆ ಆ ಅನುವಾದ ನೋಡಿ. ಕನ್ನಡವನ್ನು ನೋಡಿ ಒಡಿಯಾ ಮಾಡಿಸಬೇಡಿ, ಎಲ್ಲವೂ ಇಂಗ್ಲಿಷ್ ಮೂಲದಿಂದಲೇ ಹೊರಡಲಿ. ಯಾವ ಭಾಷೆಯಲ್ಲಿ ತಿದ್ದಿದರೂ ಉಳಿದ ಎಲ್ಲ ಭಾಷೆಯಲ್ಲಿ ಅದೇ ಕಲಂ ಮತ್ತೊಮ್ಮೆ ನೋಡಿ, ಪ್ರತಿಗಳ ಮೇಲೆ ಒಂದೇ ಆವೃತ್ತಿ ಸಂಖ್ಯೆ ಮತ್ತು ತಾರೀಖು ಹಾಕಿ.